ಸಹಾಯ ಬೇಕು: ಫ್ಯಾಮಿಲಿ ರೆಸ್ಟೋರೆಂಟ್ ಪ್ರಾಜೆಕ್ಟ್ ರಿಪೋರ್ಟಿನ ರಿಸ್ಕ್ ಭಾಗ

ಹಾಸನದಲ್ಲಿ 40 ಸೀಟಿನ ವೆಜ್ ಫ್ಯಾಮಿಲಿ ರೆಸ್ಟೋರೆಂಟ್. ಬ್ಯಾಂಕ್ ಸಾಲಕ್ಕೆ ರಿಪೋರ್ಟ್ ಸಿದ್ಧವಾಗುತ್ತಿದೆ. ಬೆಂಕಿ, ಕಳ್ಳತನಕ್ಕೆ ವಿಮೆ ಇದೆ ಅಂತ ಒಂದೊಂದು ಸಾಲು ಸಾಕು. ಸಿಕ್ಕಿಕೊಂಡಿರುವುದು ಒಂದೇ ಕಡೆ: ಮುಖ್ಯ ಅಡುಗೆ ಭಟ್ಟರು ಹಠಾತ್ತನೆ ಬಿಟ್ಟುಹೋದರೆ?

ಸಾಧ್ಯತೆಗೆ 5ಕ್ಕೆ 4 ಕೊಟ್ಟಿದ್ದೇವೆ. ಮದುವೆ ಸೀಸನ್‌ನಲ್ಲಿ ಕೇಟರಿಂಗ್‌ನವರು ದಿನಗೂಲಿ ಹೆಚ್ಚಿಗೆ ಕೊಟ್ಟು ಕರೆಯುತ್ತಾರೆ, ಅದನ್ನು 2 ಅಂತ ಬರೆದರೆ ಯಾರೂ ನಂಬುವುದಿಲ್ಲ.

ಪರಿಣಾಮದ ಲೆಕ್ಕ ಹೀಗಿದೆ: ದಿನದ ಅಂದಾಜು ವ್ಯಾಪಾರ 18,000 ರೂಪಾಯಿ. ಭಟ್ಟರಿಲ್ಲದಿದ್ದರೆ 11,000ಕ್ಕೆ ಇಳಿಯುತ್ತದೆ ಅಂದುಕೊಳ್ಳಿ. ವಾರಕ್ಕೆ 49,000 ವ್ಯಾಪಾರ ಖೋತಾ. ಆದರೆ ಅದರಲ್ಲಿ ದಿನಸಿ, ತರಕಾರಿಯ ಶೇ. 40, ಅಂದರೆ 19,600 ಖರ್ಚಾಗುವುದೇ ಇಲ್ಲ. ನಿಜವಾದ ಪೆಟ್ಟು 29,400. ಮೊದಲೇ ನೆನೆಸಿ ರುಬ್ಬಿಟ್ಟ ಹಿಟ್ಟು ಹುಳಿಯಾಗಿ ಹೋದರೆ ಆ ಉಳಿತಾಯವೂ ಕೈಗೆ ಸಿಗದು.

ತಡೆಗೆ ಬರೆದಿರುವುದು: ಸಾಂಬಾರ್ ಪುಡಿಯನ್ನು ಮನೆಯವರೇ ತೂಕ ಹಾಕಿ ಮಾಡುವುದು, ಅಕ್ಕಿ-ಉದ್ದಿನ ಅಳತೆ ಗ್ರಾಂನಲ್ಲಿ ಗೋಡೆಗೆ ಅಂಟಿಸುವುದು, ಸಹಾಯಕನಿಗೆ ವಾರಕ್ಕೊಂದು ದಿನ ಪೂರ್ತಿ ಒಲೆ ಒಪ್ಪಿಸುವುದು, ಅಡ್ವಾನ್ಸ್ ಒಂದು ತಿಂಗಳ ಸಂಬಳ ಮೀರದಂತೆ ನೋಡಿಕೊಳ್ಳುವುದು. ಇವು ಪರಿಣಾಮವನ್ನು ತಗ್ಗಿಸುತ್ತವೆಯೇ ಹೊರತು ಸಾಧ್ಯತೆಯನ್ನಲ್ಲ.

ಬಲ್ಲವರು ತಿಳಿಸಿ: ತಡೆಯ ನಂತರವೂ ಸಾಧ್ಯತೆ 4 ಅಂತಲೇ ಬಿಟ್ಟರೆ ಬ್ಯಾಂಕಿನವರು ಒಪ್ಪುತ್ತಾರಾ? ಇಂಥ ನಷ್ಟ ವರ್ಷಕ್ಕೆ ಎಷ್ಟು ಸಲ ಅಂತ ದುಡಿಯುವ ಬಂಡವಾಳದಲ್ಲಿ ಸೇರಿಸಬೇಕು?