ಅಪ್‌ಡೇಟ್: ಅಪ್ಪನ ಡಯಾಲಿಸಿಸ್ ಇದೆ, ಆಫರ್ ಹಂತದಲ್ಲೇ ಟೈಮಿಂಗ್ ಕೇಳಿದೆ

ನನ್ನ ಪ್ರಶ್ನೆ: "ಮೈಸೂರಲ್ಲೇ ಕೆಲಸದ ಆಫರ್ ಬಂದಿದೆ. ಅಪ್ಪನಿಗೆ ಸೋಮ, ಬುಧ, ಶುಕ್ರ ಬೆಳಿಗ್ಗೆ ಡಯಾಲಿಸಿಸ್. ಸಹಿ ಹಾಕೋ ಮುಂಚೆ ಟೈಮಿಂಗ್ ಕೇಳಿದ್ರೆ ಆಫರ್ ವಾಪಸ್ ತಗೋತಾರಾ?"

ತಗೊಳ್ಳಲಿಲ್ಲ, ಸೇರಿಯೂ ಆಯ್ತು.

"ಫೋನಲ್ಲಿ ಸುಮ್ನೆ ಕೇಳಿ ನೋಡಿ" ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಟೈಮಿಂಗ್ ಸ್ವಲ್ಪ ಸಡಿಲ ಮಾಡ್ತೀರಾ ಅಂದಿದ್ದಕ್ಕೆ ಎಚ್‌ಆರ್ "ನೋಡೋಣ" ಅಂದ್ರು, ಅಷ್ಟೇ. ಕೆಲಸ ಆಗಿದ್ದು ವೇಳಾಪಟ್ಟಿ ಬರೆದು ಮೇಲ್ ಮಾಡಿ ಅಂದಿದ್ದ ಅಕ್ಕನ ಮಾತು. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು ನಾಲ್ಕು ಗಂಟೆ ಹಿಡಿಯತ್ತೆ, ಮುಗಿದ ಮೇಲೆ ಬಿಪಿ ಇಳಿದು ಸುಸ್ತಾಗಬಹುದು, ಒಬ್ಬರನ್ನೇ ಮನೆಗೆ ಕಳಿಸೋಕಾಗಲ್ಲ. ಹಾಗಾಗಿ ಆ ಮೂರು ದಿನ 11.30ರಿಂದ 8.30, ಉಳಿದ ದಿನ ಎಲ್ಲರ ಹಾಗೆ, ಟೀಮ್ ಮೀಟಿಂಗ್ ಮಧ್ಯಾಹ್ನ ಅಂತ ಬರೆದೆ. ಮ್ಯಾನೇಜರ್ ಬೇಗನೇ ಒಪ್ಪಿದ್ರು.

ನಾನು ಅಂದುಕೊಂಡಿರದ ವಿಷಯ ಒಂದಿತ್ತು. ಎಚ್‌ಆರ್ ತಾವಾಗೇ ವಾರಕ್ಕೆ ನಾಲ್ಕು ದಿನ, 80% ಸಂಬಳ ಅನ್ನೋ ದಾರಿನೂ ಇಟ್ರು. ಆಸೆ ಆಯ್ತು. ಆದರೆ ಬೇಸಿಕ್ ಇಳಿದ್ರೆ ಅದರ ಮೇಲೆ ಕಟ್ಟೋ ಪಿಎಫ್ ಕೂಡ ಇಳಿಯತ್ತೆ. ಗ್ರ್ಯಾಚುಟಿ ಲೆಕ್ಕ ಹಾಕೋದು ಕೊನೇ ಸಂಬಳದ ಮೇಲೆ, ಇಳಿಸಿದ ಸಂಬಳದಲ್ಲೇ ಕೆಲಸ ಬಿಟ್ರೆ ಹಿಂದಿನ ವರ್ಷಗಳಿಗೂ ಅದೇ ಏಟು. ಬೇಡ ಅಂದೆ.

"ಮ್ಯಾನೇಜರ್ ಒಪ್ಪಿದಾರಲ್ಲ, ಸಾಕು" ಅಂದ್ರೂ ನಾನು ಬಿಡಲಿಲ್ಲ. ಮ್ಯಾನೇಜರ್ ನಾಳೆ ಬದಲಾಗಬಹುದು. ಅಪಾಯಿಂಟ್‌ಮೆಂಟ್ ಲೆಟರಲ್ಲೇ ಟೈಮಿಂಗ್ ಸೇರಿಸಿಕೊಟ್ಟ ಮೇಲೆ ಸಹಿ ಹಾಕಿದೆ. ಆರು ತಿಂಗಳಿಗೊಮ್ಮೆ ಮರುಪರಿಶೀಲನೆ ಅಂತ ಅವರೂ ಒಂದು ಸಾಲು ಸೇರಿಸಿದಾರೆ.