ಬಾಡಿಗೆ ಸ್ಟ್ರೇಟ್ ಲೈನ್ ಮಾಡ್ದೆ, ಕೊನೇಲಿ 1,26,615 ಉಳೀತಿದೆ, ಎಲ್ಲಿ ತಪ್ಪು?

ಕಾಳಿದಾಸ_ರೋಡ್_ಲೆಡ್ಜರ್
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್‌ಗೆ ಅಕೌಂಟ್ಸ್ ನೋಡ್ತೀನಿ. ಬಟ್ಟೆ ಅಂಗಡಿಗೆ ಮಳಿಗೆ ತಗೊಂಡಿದಾರೆ, 5 ವರ್ಷದ ಅಗ್ರಿಮೆಂಟು, ಕೀ ಕೊಟ್ಟಿದ್ದು 2025 ಜನವರಿ 1, ಇಂಟೀರಿಯರ್ ಕೆಲಸ ಇದೆ ಅಂತ ಮೊದ್ಲ 3 ತಿಂಗ್ಳು ಬಾಡಿಗೆ ಇಲ್ಲ, ಆಮೇಲೆ 40,000, ಪ್ರತಿ ಜನವರಿಗೆ 5% ಜಾಸ್ತಿ. ಒಟ್ಟು ಕಟ್ಟೋದು 25,32,303 ಬಂತು, 60ರಿಂದ ಭಾಗಿಸ್ದೆ, ತಿಂಗ್ಳಿಗೆ 42,205. ಯುಗಾದಿಗೆ ಓಪನಿಂಗ್ ಆಗಿದ್ದು, ಅದಕ್ಕೆ ಏಪ್ರಿಲಿಂದ ಎಂಟ್ರಿ ಹಾಕ್ತಾ ಬಂದೆ. ಶೀಟ್‌ನ 2029 ಡಿಸೆಂಬರ್‌ವರೆಗೂ ಎಳೆದು ನೋಡುದ್ರೆ ಈಕ್ವಲೈಸೇಷನ್ ಅಕೌಂಟು ಸೊನ್ನೆ ಆಗ್ಬೇಕಲ್ವಾ, 1,26,615 ಡೆಬಿಟ್ ನಿಂತಿದೆ. ಎರಡು ದಿನದಿಂದ ತಲೆ ಕೆಟ್ಟೋಗಿದೆ.

ಸಕ್ಕರೆನಾಡು
ನಂದೂ ಇದೇ ಕಥೆ ಸಾ. ನಮ್ದು ಮಂಡ್ಯ ವಿ.ವಿ. ರೋಡಲ್ಲಿ ಮೊಬೈಲ್ ಅಂಗ್ಡಿ ಐತೆ, ಓನರ್ರು ಎರಡು ತಿಂಗ್ಳು ಬಾಡಿಗೆ ಬ್ಯಾಡ ಅಂದವ್ರೆ, ಅದ್ನ ಅಡ್ವಾನ್ಸಲ್ಲಿ ಮುರ್ಕೊಳಕಾಯ್ತದಾ?

ದಫ್ತರ್_ದೊಡ್ಡಪ್ಪ
ಬೇಡ ಅಂದ್ಮೇಲೆ ಅಡ್ವಾನ್ಸಲ್ಲಿ ಮುರ್ಕೊಳ್ಳೋದೇನಿದೆ ತಮ್ಮಾ, ಅದು ಹಂಗೇ ಓನರ್ ಹತ್ರ ಇರುತ್ತೆ, ಖಾಲಿ ಮಾಡುವಾಗ ಇಸ್ಕೊ. ಇವ್ರ ಪ್ರಶ್ನೆ ಬೇರೆ.

ಲೆಡ್ಜರ್ ಅವ್ರೇ, ಉಳಿದಿರೋ ನಂಬರ್‌ನ 42,205ರಿಂದ ಭಾಗಿಸಿ ನೋಡಿ. ಸರಿಯಾಗಿ 3. ಭಾಗಿಸಿದ್ದು 60ಕ್ಕೆ, ಎಂಟ್ರಿ ಹಾಕಿದ್ದು 57. ಜನವರಿ, ಫೆಬ್ರವರಿ, ಮಾರ್ಚ್ ಬಿಟ್ಟೋಗಿದೆ. ಬಾಡಿಗೆ ಕೊಡದೇ ಇದ್ರೂ ಜಾಗ ನಿಮ್ಮ ಕೈಲಿತ್ತು, ಬಡಗಿ ಒಳಗೆ ಕೆಲಸ ಮಾಡ್ತಿದ್ದ, ಖರ್ಚು ಕೀ ಸಿಕ್ಕ ದಿನದಿಂದ್ಲೇ ಶುರು. ಅಂಗಡಿ ಯಾವತ್ತು ಓಪನ್ ಆಯ್ತು ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಸಿ ಕಾಲಮ್ಮಲ್ಲಿ ಕಟ್ಟೋ ಬಾಡಿಗೆ ಬರೀರಿ, ಮೊದ್ಲ ಮೂರು ಸಾಲಿಗೆ 0 ಹಾಕಿ, ಖಾಲಿ ಬಿಡ್ಬೇಡಿ:

```
D2:  =SUM($C$2:$C$61)/60
E2:  =D2-C2
E3:  =E2+D3-C3
```

ಡಿ, ಇ ಎರಡನ್ನೂ 61ನೇ ಸಾಲಿನವರೆಗೂ ಎಳೀರಿ. ಇ ಕಾಲಮ್ 2026 ಡಿಸೆಂಬರ್‌ವರೆಗೂ ಏರುತ್ತೆ, ಅಲ್ಲಿ 1,48,921. ಯಾಕಂದ್ರೆ ಎರಡನೇ ವರ್ಷದ 42,000 ಕೂಡ ಸರಾಸರಿಗಿಂತ ಸ್ವಲ್ಪ ಕಮ್ಮಿನೇ. 2027 ಜನವರಿಗೆ ಬಾಡಿಗೆ 44,100 ಆದಾಗ ಇಳಿಯೋಕೆ ಶುರುವಾಗಿ ಕೊನೆ ಸಾಲಲ್ಲಿ ಸೊನ್ನೆ.

ರೂಲ್_ಬುಕ್_ರಂಗ
ಇಷ್ಟೆಲ್ಲಾ ಯಾಕೆ? 5% ಅಂದ್ರೆ ಬೆಲೆ ಏರಿಕೆಗೆ ಕೊಡೋದು, ಅಂಥದಕ್ಕೆ ಸ್ಟ್ರೇಟ್ ಲೈನ್ ಬೇಡ ಅಂತ ಸ್ಟ್ಯಾಂಡರ್ಡಲ್ಲೇ ಇದೆ, ನಾನೇ ಓದಿದೀನಿ.

ದಫ್ತರ್_ದೊಡ್ಡಪ್ಪ
ಓದಿರೋದು ನಿಜ ರಂಗ, ಆದ್ರೆ ಅದು ಇಂಡ್ ಎಎಸ್ 17ರಲ್ಲಿ ಇದ್ದಿದ್ದು. 2019 ಏಪ್ರಿಲಿಂದ ಅದರ ಜಾಗಕ್ಕೆ 116 ಬಂತು, ಅದರ ಲೆಕ್ಕನೇ ಬೇರೆ. ಇವ್ರ ಸಣ್ಣ ಕಂಪನಿ ಹಳೇ ಎಎಸ್ 19ರಲ್ಲಿದೆ, ಅಲ್ಲಿ ಆ ವಿನಾಯಿತಿ ಇಲ್ಲ.

ಕಾಳಿದಾಸ_ರೋಡ್_ಲೆಡ್ಜರ್
ಅಯ್ಯೋ, ಸೊನ್ನೆ ಬಂತು ಸರ್! ಆದ್ರೆ 2025 ಮಾರ್ಚ್ ಬುಕ್ಸ್ ಆಡಿಟ್ ಆಗಿ ಫೈಲೂ ಆಗೋಗಿದೆ, ಆ ವರ್ಷ ಬಾಡಿಗೆ ಖರ್ಚು ಸೊನ್ನೆ ತೋರ್ಸಿದೀವಿ. ಈಗ 2026 ಮಾರ್ಚ್ ಕ್ಲೋಸಿಂಗ್ ಮಾಡ್ತಿದೀನಿ.

ದಫ್ತರ್_ದೊಡ್ಡಪ್ಪ
ಹಳೇ ಬುಕ್ಸ್ ಬಿಚ್ಚೋಕೆ ಹೋಗ್ಬೇಡಿ. ಎಎಸ್ 5 ಪ್ರಕಾರ ಅದು ಹಿಂದಿನ ಅವಧಿಯ ತಪ್ಪು, 1,26,615ನ ಈ ವರ್ಷದ ಲಾಭನಷ್ಟದಲ್ಲೇ ಬೇರೆ ಸಾಲಲ್ಲಿ ತೋರ್ಸಿ, ಬಾಡಿಗೆ ಜೊತೆ ಕಲಸಬೇಡಿ. ಈ ವರ್ಷದ ಬಾಡಿಗೆ ಖರ್ಚು 5,06,461, ಕಟ್ಟಿರೋದು 4,86,000, ವ್ಯತ್ಯಾಸ 20,461. ಎರಡೂ ಸೇರಿ ಮಾರ್ಚ್ 31ಕ್ಕೆ ಹೊಣೆ 1,47,076 ನಿಲ್ಬೇಕು. ಓನರ್ ಹೆಸರಿನ ಲೆಡ್ಜರ್‌ಗೆ ಹಾಕ್ಬೇಡಿ, ಅವ್ರಿಗೆ ನೀವೇನೂ ಬಾಕಿ ಇಲ್ಲ, ಆಮೇಲೆ ಬ್ಯಾಲೆನ್ಸ್ ಕನ್ಫರ್ಮೇಷನ್ ಕಳ್ಸುದ್ರೆ ಅವ್ರು ಫೋನ್ ಮಾಡಿ ಕೇಳ್ತಾರೆ, ನಂಗೆ ಒಂದ್ಸಲ ಹಂಗಾಗಿದೆ.

ಅಂದಹಾಗೆ ಲಾಕ್ ಇನ್ ಎಷ್ಟು?

ಕಾಳಿದಾಸ_ರೋಡ್_ಲೆಡ್ಜರ್
3 ವರ್ಷ ಸರ್. ಆಮೇಲೆ 3 ತಿಂಗ್ಳು ನೋಟಿಸ್ ಕೊಟ್ಟು ನಾವು ಬಿಡಬಹುದು, ಓನರ್ ಬಿಡ್ಸೋ ಹಂಗಿಲ್ಲ.

ದಫ್ತರ್_ದೊಡ್ಡಪ್ಪ
ಹಂಗಾದ್ರೆ 60 ಅನ್ನೋದೇ ಪ್ರಶ್ನೆ. ಬಿಡೋಕೆ ಆಗದೇ ಇರೋ ಅವಧಿ 36 ತಿಂಗ್ಳು, ಅದರ ಮುಂದಿನ ಎರಡು ವರ್ಷ ಸೇರಿಸ್ಬೇಕು ಅಂದ್ರೆ, ಮುಂದುವರೀತೀವಿ ಅನ್ನೋದು ಶುರುವಲ್ಲೇ ಹೆಚ್ಚುಕಮ್ಮಿ ಖಚಿತ ಇರ್ಬೇಕು. 36 ತಗೊಂಡ್ರೆ 13,93,200 ಭಾಗಿಸು 36, ತಿಂಗ್ಳಿಗೆ 38,700 ಅಷ್ಟೇ.

ರೂಲ್_ಬುಕ್_ರಂಗ
ಸರ್, ಇಂಟೀರಿಯರ್‌ಗೆ ದುಡ್ಡು ಸುರಿದವ್ರು ಮೂರೇ ವರ್ಷಕ್ಕೆ ಬಿಟ್ಟೋಗ್ತಾರಾ? 60ನೇ ಸರಿ.

ದಫ್ತರ್_ದೊಡ್ಡಪ್ಪ
ಈ ಸಲ ನಿನ್ ಮಾತಲ್ಲಿ ಹುರುಳಿದೆ. ಆದ್ರೆ ಎಷ್ಟು ಸುರಿದಿದಾರೆ ಅನ್ನೋದು ಗೊತ್ತಿಲ್ವಲ್ಲ. ಬರೀ ಪೇಂಟು, ರ‍್ಯಾಕು ಆದ್ರೆ ನಾನು 36 ಅಂತೀನಿ.

ಕಾಳಿದಾಸ_ರೋಡ್_ಲೆಡ್ಜರ್
ಮರದ ಕೆಲಸ, ಎಸಿ ಎಲ್ಲಾ ಇದೆ, ಬಿಲ್ ಇನ್ನೂ ಪೂರ್ತಿ ಬಂದಿಲ್ಲ. ಸೋಮವಾರ ಡೈರೆಕ್ಟರ್ ಹತ್ರ ಕೇಳಿ ಬಂದು ಹಾಕ್ತೀನಿ.

ಸಕ್ಕರೆನಾಡು
ನಂದು 11 ತಿಂಗ್ಳ ಅಗ್ರಿಮೆಂಟು ಸಾ, ನಂಗೂ ಇದೆಲ್ಲ ಬೇಕಾ?