ಗಂಡನಿಗೆ ‘ನೀನು’, ಅತ್ತೆಯ ಎದುರಿಗೆ ಏನು? (ಅನುವಾದಕ್ಕೆ ಬೇಗ ಬೇಕು)

ಬರೆದವರು: ಅನುವಾದಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ಒಂದು ಸಣ್ಣಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಕರಡು ಅಚ್ಚಿಗೆ ಹೋಗಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಗಂಡ ಹೆಂಡತಿ ಕಾಲೇಜಿನಲ್ಲಿ ಒಂದೇ ತರಗತಿಯವರು, ಮೆಚ್ಚಿ ಮದುವೆಯಾದವರು. ತುಮಕೂರಿನಿಂದ ಅತ್ತೆ ಬಂದು ಮನೆಯಲ್ಲಿದ್ದಾರೆ. ಗಂಡ ಹೆಂಡತಿಗೆ ಹೇಳದೆ ತಮ್ಮನಿಗೆ ದುಡ್ಡು ಕೊಟ್ಟಿದ್ದಾನೆ. ಅಡುಗೆಮನೆಯಲ್ಲಿ ಇಬ್ಬರಿಗೂ ಜಗಳ. ಹೆಂಡತಿ ಹೇಳುತ್ತಾಳೆ: ‘ಯೂ ನೆವರ್ ಟೋಲ್ಡ್ ಮೀ.’ ಅಷ್ಟು ಹೊತ್ತಿಗೆ ಅತ್ತೆ ಒಳಗೆ ಬರುತ್ತಾರೆ. ‘ಹ್ಯಾವ್ ಯೂ ಈಟನ್?’ ಅಂತ ಕೇಳುತ್ತಾರೆ, ಯಾರನ್ನು ಅಂತ ಕತೆಯಲ್ಲಿ ಹೇಳಿಲ್ಲ. ಸೊಸೆ ತಿರುಗಿ ನೋಡಿ, ‘ಯೂ ನ್ಯೂ, ಡಿಡಂಟ್ ಯೂ?’ ಅನ್ನುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಈಗ ಗಂಡನಿಗೆ ನೀನು ಹಾಕಲಾ, ನೀವು ಹಾಕಲಾ? ಇಂಗ್ಲಿಷಿನಲ್ಲಿ ಎಲ್ಲವೂ ‘ಯೂ’. ಯಾವುದನ್ನು ಹಾಕಿದರೂ ಲೇಖಕರು ಹೇಳದೇ ಇದ್ದದ್ದನ್ನು ನಾನು ಹೇಳಿದ ಹಾಗಾಗುತ್ತದೆ.

---

ಬರೆದವರು: ವಿ.ಎಸ್., ಮೈಸೂರು

ನೀನು ಹಾಕಿ. ಗೌರವಕ್ಕೆ ಬಹುವಚನ ಬಳಸುವುದು ನಮ್ಮದಲ್ಲ, ಹೊರಗಿನಿಂದ ಬಂದದ್ದು. ಹಳಗನ್ನಡ ಕಾವ್ಯ ತೆಗೆದು ನೋಡಿ, ಅರಸನಿಗೂ ‘ನೀನ್’. ವಚನಗಳಲ್ಲಿ ದೇವರಿಗೇ ನೀನು. ಗಂಡ ಯಾವ ದೊಡ್ಡವನು? ಅತ್ತೆಗೂ ನೀನು ಹಾಕಿದರೆ ತಪ್ಪೇನಿಲ್ಲ.

---

ಬರೆದವರು: ನಿವೃತ್ತ ಮೇಷ್ಟ್ರು, ಶಿವಮೊಗ್ಗ

ವಿ.ಎಸ್. ಹೇಳಿದ್ದು ಅರ್ಧ ಸರಿ. ಕಾವ್ಯದಲ್ಲಿ ಅರಸನಿಗೆ ನೀನ್ ಅನ್ನುವುದು ನಿಜ. ಆದರೆ ಗೌರವದ ಬಹುವಚನ ಹೊರಗಿನದು ಅನ್ನುವುದು ಸುಳ್ಳು. ಶ್ರವಣಬೆಳಗೊಳದ 7ನೇ ಶತಮಾನದ ಶಾಸನಗಳಲ್ಲಿ ಒಬ್ಬ ಗುರುವಿಗೇ ‘ಗುರವಡಿಗಳ್’ ಅಂತ ಇದೆ. ಅದು ಯಾರಿಂದ ಸಾಲ ತಂದದ್ದು? ಭಕ್ತ ದೇವರಿಗೆ ನೀನು ಅನ್ನುವುದು ಸಲುಗೆಯಿಂದ. ಅದನ್ನು ತಂದು ಅತ್ತೆಗೆ ಅಂಟಿಸಬೇಡಿ.

ಇನ್ನು ಪ್ರಶ್ನೆಗೆ ಬರೋಣ. ಅನುವಾದಕರು ಒಂದೊಂದೇ ಸಾಲು ಹಿಡಿದು ಕೂತಿದ್ದಾರೆ, ತೊಡಕು ಅಲ್ಲೇ ಇದೆ. ಮೊದಲು ಒಂದು ಹಾಳೆಯಲ್ಲಿ ಜೋಡಿಗಳನ್ನು ಬರೆದುಕೊಳ್ಳಿ. ಯಾರು ಯಾರಿಗೆ ಏನನ್ನುತ್ತಾರೆ, ಇಬ್ಬರೇ ಇದ್ದಾಗ ಏನು, ಮೂರನೆಯವರ ಎದುರಿಗೆ ಏನು. ಈ ಮನೆಯಲ್ಲಿ ಗಂಡನಿಂದ ಹೆಂಡತಿಗೆ ನೀನು. ಅತ್ತೆಯಿಂದ ಸೊಸೆಗೆ ನೀನು. ಸೊಸೆಯಿಂದ ಅತ್ತೆಗೆ ನೀವು. ಮಗನಿಂದ ತಾಯಿಗೆ ಏನು? ನಮ್ಮ ಕಡೆ ಸಾಮಾನ್ಯವಾಗಿ ನೀನು. ‘ಅಮ್ಮಾ, ನೀನು ಸುಮ್ನಿರು’ ಅನ್ನುತ್ತಾನೆ. ಅಂದರೆ ಒಂದೇ ಅಡುಗೆಮನೆಯಲ್ಲಿ ಒಬ್ಬಳೇ ಹೆಂಗಸಿಗೆ ಮಗನಿಂದ ನೀನು, ಸೊಸೆಯಿಂದ ನೀವು. ಆ ಮನೆಯಲ್ಲಿ ಯಾರು ಹುಟ್ಟಿದವರು, ಯಾರು ಬಂದವರು ಅಂತ ಓದುಗನಿಗೆ ಬೇರೆ ಏನೂ ಹೇಳದೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಇದು ಪೂರ್ತಿ ಅಳಿಸಿಹೋಗಿದೆ. ಕನ್ನಡ ಮನೆಯ ಕತೆಯನ್ನು ಕನ್ನಡಕ್ಕೆ ತರುವಾಗ ಅದು ತಾನಾಗಿ ವಾಪಸು ಬರಬೇಕು. ಹೆದರಬೇಡಿ.

---

ಬರೆದವರು: ಗುತ್ತಿಗೆದಾರ, ದಾವಣಗೆರೆ

ನಮ್ಮ ಮನೆಯದೇ ಹೇಳುತ್ತೇನೆ. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಒಟ್ಟಿಗೆ ಆಡಿ ಬೆಳೆದವರು, ನೀನು ತಾನು ಅಂತಲೇ ಇದ್ದೆವು. ಮದುವೆಯಾದ ಮೇಲೆ ನಮ್ಮಮ್ಮ ‘ಇನ್ನು ಮೇಲೆ ನೀವು ಅನ್ನಬೇಕು’ ಅಂದರು. ನಮ್ಮಮ್ಮ ಅವಳಿಗೆ ಮೊದಲಿಂದಲೂ ಸೋದರತ್ತೆ, ಹಾಗಾಗಿ ‘ಅತ್ತೆ’ ಅನ್ನುವುದು ಬದಲಾಗಲಿಲ್ಲ, ನಾನು ಮಾತ್ರ ಬದಲಾದೆ. ಅವಳಿಗೆ ನೀವು ಬಾಯಿಗೆ ಬರುತ್ತಿರಲಿಲ್ಲ, ನೀನು ಅನ್ನುವ ಹಾಗಿರಲಿಲ್ಲ. ಎರಡನ್ನೂ ಬಿಟ್ಟಳು. ‘ಊಟಕ್ಕೆ ಬಡಿಸಲಾ?’ ‘ಹೊರಡೋದು ಎಷ್ಟೊತ್ತಿಗೆ?’ ‘ಚಹಾ ಆಯ್ತಾ?’ ಹೀಗೇ ನಡೆಯಿತು. ಈಗ ಮಕ್ಕಳ ಮುಂದೆ ನೀವು, ಕೋಪ ಬಂದರೆ ನೀನು.

ಅಂದ ಹಾಗೆ ನೀವು ನಾಟಕ ಬರೆಯುತ್ತಿದ್ದರೆ ಹೆಂಡತಿ ‘ರೀ’ ಅನ್ನಲೇಬೇಕು. ಇಲ್ಲದಿದ್ದರೆ ಜನಕ್ಕೆ ಹೆಂಡತಿ ಅಂತ ಗೊತ್ತಾಗಲ್ಲ.

---

ಬರೆದವರು: ಅನುವಾದಕಿ

ನಾಟಕವಲ್ಲ ಸರ್, ಕತೆ. ಆದರೆ ನಿಮ್ಮ ‘ಚಹಾ ಆಯ್ತಾ’ದಿಂದ ನನ್ನ ಎರಡನೇ ಸಾಲು ಬಗೆಹರಿಯಿತು. ಅತ್ತೆ ಬಂದು ‘ಊಟ ಆಯ್ತಾ?’ ಅಂದರೆ ಮಗನಿಗೋ ಸೊಸೆಗೋ ಅಂತ ಹೇಳಬೇಕಾಗಿಯೇ ಇಲ್ಲ. ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಉಳಿಯುತ್ತದೆ. ನಾನು ಮೊದಲು ‘ನೀವು ಊಟ ಮಾಡಿದಿರಾ?’ ಅಂತ ಬರೆದಿದ್ದೆ.

---

ಬರೆದವರು: ವಿ.ಎಸ್., ಮೈಸೂರು

‘ರೀ’ ಬೇಡವೇ ಬೇಡ. ಅದು ಮರಾಠಿಯವರ ‘ಅಹೋ’ ನೋಡಿ ಕಲಿತದ್ದು.

---

ಬರೆದವರು: ಓದುಗ, ಧಾರವಾಡ

ಏನ್ರೀ ಇದು, ಯಾವುದಕ್ಕೂ ಹೊರಗಿನದು ಅಂದುಬಿಟ್ಟರೆ ಆಯಿತಾ? ‘ಬನ್ನಿರಿ’ಯಲ್ಲಿರುವ ‘ಇರಿ’ ಎಲ್ಲಿಂದ ಬಂತು? ಬನ್ನಿರಿ, ಬರ್ರಿ; ಏನಿರಿ, ಏನ್ರೀ. ಅದೇ ಬಾಲ ಕಿತ್ತುಕೊಂಡು ಒಂಟಿಯಾಗಿ ನಿಂತರೆ ‘ರೀ’. ಕೆಲಸದಲ್ಲಿ ‘ಅಹೋ’ದ ಹಾಗೇ ಇದೆ ಅಂದರೆ ಒಪ್ಪುತ್ತೇನೆ. ಎರಡೂ ಗಂಡನ ಹೆಸರು ಹೇಳುವುದನ್ನು ತಪ್ಪಿಸುತ್ತವೆ. ಒಂದೇ ಕೆಲಸ ಮಾಡಿದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತು ಅನ್ನಲಾಗದು.

ನಮ್ಮ ಕಡೆಯ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಲ್ಲಿ ‘ರಿ’ ಹೆಂಡತಿಯದು ಮಾತ್ರ ಅಲ್ಲ. ಅಂಗಡಿಯವನಿಗೂ ‘ಕೊಡ್ರಿ’, ಬಸ್ಸಿನವನಿಗೂ ‘ನಿಲ್ಲಸ್ರಿ’. ಬೆಂಗಳೂರು ಕಡೆಯ ಕತೆಯಲ್ಲಿ ‘ರೀ’ ಅಂದ ತಕ್ಷಣ ಹೆಂಡತಿ ಅನ್ನಿಸಬಹುದು, ನಮಗೆ ಹಾಗೆ ಅನ್ನಿಸಲ್ಲ. ತುಮಕೂರಿನ ಮನೆಯಾದರೆ ತುಮಕೂರಿನವರನ್ನೇ ಕೇಳಿ.

---

ಬರೆದವರು: ಪುಸ್ತಕ ಸಂಪಾದಕಿ, ಬೆಂಗಳೂರು

ನಾನು ಕರಡು ತಿದ್ದುವವಳು. ಅನುವಾದಗಳಲ್ಲಿ ಪದೇ ಪದೇ ಸಿಗುವ ಒಂದು ತಪ್ಪನ್ನು ಹೇಳುತ್ತೇನೆ, ಜೋಡಿ ಸರಿಯಾಗಿ ಆರಿಸಿದವರೂ ಇಲ್ಲಿ ಎಡವುತ್ತಾರೆ. ಹೆಂಡತಿ ಗಂಡನಿಗೆ ನೀನು ಅನ್ನುತ್ತಾಳೆ ಅಂತ ತೀರ್ಮಾನ ಮಾಡಿದಿರಿ ಅನ್ನಿ. ಆಗ ‘ಯುವರ್ ಮದರ್’ ಬಂದಲ್ಲೆಲ್ಲ ‘ನಿನ್ನ ತಾಯಿ’ ಅಂತ ಬರೆದು ಬಿಡುತ್ತಾರೆ. ಹಾಗೆ ಯಾವ ಹೆಂಡತಿಯೂ ಅನ್ನಲ್ಲ. ‘ನೀನು ನಿಮ್ಮಮ್ಮನ್ನ ಕೇಳಿದ್ಯಾ?’ ಅನ್ನುತ್ತಾಳೆ. ಪಕ್ಕಪಕ್ಕದಲ್ಲೇ ನೀನು, ನಿಮ್ಮ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಊರು, ಮನೆ ಇವೆಲ್ಲ ಒಬ್ಬನ ಸ್ವತ್ತಲ್ಲ, ಮನೆಮಂದಿಗೆಲ್ಲ ಸೇರಿದ್ದು. ಅದಕ್ಕೇ ‘ನಿಮ್ಮಪ್ಪ’, ‘ನಿಮ್ಮೂರು’. ಗಂಡ, ಹೆಂಡತಿ ಮಾತ್ರ ‘ನಿನ್ನ ಗಂಡ’, ‘ನಿನ್ನ ಹೆಂಡ್ತಿ’. ಮಗನ ವಿಷಯದಲ್ಲಿ ಜಗಳ ಬಂದರೆ ‘ನೋಡು ನಿನ್ನ ಮಗನ್ನ’. ಇದು ಗೌರವದ ‘ನಿಮ್ಮ’ ಅಲ್ಲ. ನೀನು ಅಂತ ಆರಿಸಿ, ಆಮೇಲೆ ಹುಡುಕಿ ಬದಲಿಸುವ ಆಜ್ಞೆ ಕೊಟ್ಟು ‘ನಿಮ್ಮ’ ಎಲ್ಲವನ್ನೂ ‘ನಿನ್ನ’ ಮಾಡಿದ ಕರಡು ನನ್ನ ಕೈಗೆ ಬಂದಿದೆ. ಎಲ್ಲ ಗಂಡಂದಿರೂ ಅನಾಥರ ಹಾಗೆ ಕಾಣುತ್ತಿದ್ದರು. ಕಣ್ಣಲ್ಲೇ ಓದಿ ತಿದ್ದಬೇಕು.

ಇನ್ನೊಂದು ವಿಷಯ. ಎದುರಿಗೆ ಏನನ್ನುತ್ತಾಳೆ ಅನ್ನುವುದಷ್ಟೇ ಸಾಲದು, ಗಂಡನ ಬಗ್ಗೆ ಬೇರೆಯವರ ಹತ್ತಿರ ಏನನ್ನುತ್ತಾಳೆ ಅಂತಲೂ ನೋಡಿ. ಕೋಣೆಯಲ್ಲಿ ನೀನು ಅನ್ನುವವಳೂ ಅತ್ತೆಯ ಹತ್ತಿರ ‘ಅವರು ಇನ್ನೂ ಬಂದಿಲ್ಲ’ ಅನ್ನುತ್ತಾಳೆ. ‘ಅವನು ಬಂದಿಲ್ಲ’ ಅಂದರೆ ಅತ್ತೆಯ ಹುಬ್ಬು ಗಂಟಾಗುತ್ತದೆ. ಇಂಗ್ಲಿಷಿನ ‘ಹೀ’ ಕೂಡ ‘ಯೂ’ನ ಹಾಗೇ ಚಪ್ಪಟೆ.

---

ಬರೆದವರು: ಮಂಗಳೂರಿನಿಂದ

ಕೊನೆಯ ಸಾಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ‘ಯೂ ನ್ಯೂ, ಡಿಡಂಟ್ ಯೂ?’ ಅತ್ತೆಗೆ ಹೇಳಿದ್ದಾ, ತಾಯಿ ಮಗ ಇಬ್ಬರಿಗೂ ಹೇಳಿದ್ದಾ? ನನ್ನ ಮನೆಮಾತು ತುಳು. ಅಲ್ಲಿ ಒಬ್ಬರಿಗೆ ಗೌರವವಾದರೆ ‘ಈರ್’, ಹಲವರಿಗಾದರೆ ‘ನಿಕುಲು’. ತುಳುವಿಗೆ ಹಾಕುವಾಗ ಯಾವುದಾದರೂ ಒಂದನ್ನು ಆರಿಸಲೇಬೇಕು. ಕನ್ನಡದಲ್ಲಿ ಎರಡಕ್ಕೂ ‘ನಿಮಗೆ’. ‘ನಿಮಗೆ ಗೊತ್ತಿತ್ತು, ಅಲ್ವಾ?’ ಅಂದರೆ ಇಂಗ್ಲಿಷಿನಲ್ಲಿ ಇರುವ ಅನುಮಾನ ಹಾಗೇ ಉಳಿಯುತ್ತದೆ. ಅದಕ್ಕೆ ಗಂಡನಿಗೆ ಮೊದಲಿಂದ ನೀನು ಇರಬೇಕು. ‘ನೀನು ನನಗೆ ಹೇಳಲೇ ಇಲ್ಲ’ ಅಂದವಳು ತಿರುಗಿ ‘ನಿಮಗೆ’ ಅಂದರೆ, ಅದು ಅತ್ತೆಗೆ ಗೌರವವೂ ಹೌದು, ಇಬ್ಬರನ್ನೂ ಒಂದೇ ಪಕ್ಷಕ್ಕೆ ಸೇರಿಸಿದ ಹಾಗೂ ಹೌದು.

---

ಬರೆದವರು: ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಇದು ಸರಿ. ಆದರೆ ಒಂದು ತೊಡಕಿದೆ. ಹೆಂಡತಿ ಕತೆಯ ಮೊದಲಲ್ಲಿ ಅತ್ತೆಯ ಎದುರಿಗೆ ಗಂಡನಿಗೆ ‘ನೀವು’ ಅಂದಿದ್ದರೆ, ‘ನೀನು’ ಜಗಳದಲ್ಲೇ ಮೊದಲು ಕೇಳಿಸಬೇಕು. ಆಗ ಅತ್ತೆ ಬಾಗಿಲಲ್ಲಿ ಕೇಳಿಸಿಕೊಂಡದ್ದು ದುಡ್ಡಿನ ಮಾತು ಮಾತ್ರವಲ್ಲ, ಆ ನೀನು ಕೂಡ. ಹಿಂದಿನ ಪುಟಗಳಲ್ಲಿ ಅತ್ತೆ ಇದ್ದ ಕಡೆ ಗಂಡ ಹೆಂಡತಿ ಮಾತಾಡಿದ್ದಾರಾ?

---

ಬರೆದವರು: ಅನುವಾದಕಿ

ಒಂದೇ ಕಡೆ. ಊಟಕ್ಕೆ ಕೂತಾಗ ಹೆಂಡತಿ ಗಂಡನಿಗೆ ‘ಸಮ್ ಮೋರ್ ರೈಸ್?’ ಅನ್ನುತ್ತಾಳೆ, ‘ಯೂ’ ಇಲ್ಲ. ಅಲ್ಲಿ ‘ಇನ್ನೂ ಸ್ವಲ್ಪ ಅನ್ನ ಹಾಕಲಾ?’ ಅಂತ ಇಟ್ಟಿದ್ದೇನೆ. ನೀನೂ ಇಲ್ಲ, ನೀವೂ ಇಲ್ಲ. ದಾವಣಗೆರೆಯವರ ಮನೆಯಲ್ಲಿ ನಡೆದ ಹಾಗೆ.

ಹಾಗಾಗಿ ಜಗಳದ ಸಾಲು ‘ನೀನು ನನಗೆ ಹೇಳಲೇ ಇಲ್ಲ’. ಕೊನೆಯದು ‘ನಿಮಗೆ ಗೊತ್ತಿತ್ತು, ಅಲ್ವಾ?’ ಅದರ ಮುಂದೆ ‘ಅತ್ತೆ’ ಅಂತ ಸೇರಿಸಲ್ಲ. ಸೇರಿಸಿದರೆ ಅನುಮಾನ ಹೋಗಿಬಿಡುತ್ತದೆ. ಇನ್ನು ಉಳಿದದ್ದು ಒಂದೇ. ಮದುವೆಗೆ ಮುಂಚಿನ ದಿನ ನೆನೆಸಿಕೊಳ್ಳುವ ಕಡೆ ಅವಳು ಗಂಡನ ತಾಯಿಯನ್ನು ‘ಆಂಟಿ’ ಅನ್ನುತ್ತಿದ್ದಳು ಅಂತ ಇದೆ.

---

ಬರೆದವರು: ವಿ.ಎಸ್., ಮೈಸೂರು

‘ಆಂಟಿ’ ತೆಗೆದುಹಾಕಿ. ಅಷ್ಟೊಂದು ನಂಟಿನ ಪದಗಳಿರುವ ಕನ್ನಡಕ್ಕೆ ಈ ಸಾಲ ಯಾಕೆ? ‘ಅಮ್ಮ’ ಅನ್ನಿ.

---

ಬರೆದವರು: ಪುಸ್ತಕ ಸಂಪಾದಕಿ, ಬೆಂಗಳೂರು

ತೆಗೆಯಬೇಡಿ. ಗೆಳೆಯನ ತಾಯಿಗೆ ‘ಅತ್ತೆ’ ಅನ್ನುವ ಹಾಗಿಲ್ಲ, ‘ಅಮ್ಮ’ ಅಂದರೆ ಜಾಸ್ತಿ ಹತ್ತಿರವಾಯಿತು. ಯಾವ ನಂಟೂ ಇಲ್ಲದ ಆ ಜಾಗಕ್ಕೆ ನಮ್ಮ ಊರುಗಳಲ್ಲಿ ಈಗ ಇರುವ ಮಾತೇ ‘ಆಂಟಿ’. ಮದುವೆಯಾದ ಮೇಲೆ ಅದು ‘ಅತ್ತೆ’ ಆದದ್ದು ಕತೆಗೆ ಬೇಕು.

---

ಬರೆದವರು: ವಿ.ಎಸ್., ಮೈಸೂರು

ಒಪ್ಪುವುದಿಲ್ಲ. ಊರಲ್ಲಿ ಅನ್ನುತ್ತಾರೆ ಅಂತ ಎಲ್ಲವನ್ನೂ ಅಚ್ಚಿಗೆ ಹಾಕುತ್ತಾ ಹೋದರೆ ನಾಳೆ ಭಾವ, ಮೈದುನ, ಷಡ್ಡಕ ಮೂವರೂ ಸೇರಿ ‘ಬ್ರದರ್ ಇನ್ ಲಾ’ ಆಗುತ್ತಾರೆ. ಈ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ.

---

ಬರೆದವರು: ಓದುಗ, ಧಾರವಾಡ

ಮಾಡ್ರಿ. ಅಲ್ಲಿಗೆ ಬಂದು ಜಗಳ ಆಡುತ್ತೇನೆ. ಅನುವಾದಕರೇ, ಒಂದು ಪ್ರಶ್ನೆ ಬಾಕಿ ಇದೆ: ದುಡ್ಡು ಇಸಕೊಂಡ ಆ ಮೈದುನ ಅತ್ತಿಗೆಗೆ ಏನನ್ನುತ್ತಾನೆ? ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದರೂ ‘ಅತ್ತಿಗೆ, ನೀವು’ ಅನ್ನುವ ಮನೆಗಳಿವೆ.